ಅಡಿಕೆ ಗೋದಾಮುಗಳ ಗುತ್ತಿಗೆ ಲೆಕ್ಕ: ಪರಿಶೋಧನೆಯನ್ನು ಎಲ್ಲಿಂದ ತೊಡಗಬೇಕು

ಗುತ್ತಿಗೆಗಳ ಲೆಕ್ಕಕ್ಕೆ ಸಂಬಂಧಿಸಿದ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 116 ಜಾರಿಗೆ ಬಂದದ್ದು 2019ರ ಏಪ್ರಿಲ್ 1ರಂದು. ಅಂದಿನಿಂದ ಬಾಡಿಗೆಗೆ ಪಡೆದ ಗೋದಾಮು, ಕಚೇರಿ, ಯಂತ್ರ ಇವೆಲ್ಲ ಬಾಡಿಗೆದಾರ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಎರಡು ರೂಪದಲ್ಲಿ ಕಾಣಿಸಿಕೊಳ್ಳಬೇಕು: ಒಂದು ಕಡೆ ಬಳಕೆ ಹಕ್ಕಿನ ಆಸ್ತಿ, ಇನ್ನೊಂದು ಕಡೆ ಗುತ್ತಿಗೆ ಹೊಣೆ. ಈ ಲೆಕ್ಕದ ಪರಿಶೋಧನಾ ಕಡತಗಳನ್ನು ತೆರೆದಾಗ ನನಗೆ ಬಹಳ ಸಲ ಕಂಡಿರುವುದೇನೆಂದರೆ, ಹೆಚ್ಚಿನ ಶ್ರಮವೆಲ್ಲ ಮುಂದಿನ ಬಾಡಿಗೆಗಳನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಡಿಸ್ಕೌಂಟ್ ದರದ ಚರ್ಚೆಗೆ ವ್ಯಯವಾಗಿರುತ್ತದೆ. ಕರಾರುಗಳೆಲ್ಲ ಪಟ್ಟಿಗೆ ಬಂದಿವೆಯೇ, ಗುತ್ತಿಗೆಯ ಅವಧಿಯನ್ನು ಸರಿಯಾಗಿ ನಿರ್ಧರಿಸಲಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಒಂದೊಂದು ಪುಟ ಮಾತ್ರ ಮೀಸಲಾಗಿರುತ್ತದೆ. ಅಂಕಿಗಳನ್ನು ಹೆಚ್ಚು ಅಲುಗಾಡಿಸುವುದು ಈ ಎರಡನೆಯ ಗುಂಪಿನ ಪ್ರಶ್ನೆಗಳೇ. ಆದ್ದರಿಂದ ಈ ಲೇಖನದಲ್ಲಿ ಕೆಲಸದ ಕ್ರಮವನ್ನೂ ಹಾಗೆಯೇ ಇಟ್ಟಿದ್ದೇನೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಕಂಪನಿಯನ್ನು ತೆಗೆದುಕೊಳ್ಳೋಣ. ಇದು ಅಡಿಕೆ ಖರೀದಿಸಿ, ಒಣಗಿಸಿ, ರಾಶಿ, ಬೆಟ್ಟೆ, ಸರಕು ಎಂದು ವಿಂಗಡಿಸಿ, ದಾಸ್ತಾನು ಮಾಡಿ ಉತ್ತರ ಭಾರತಕ್ಕೆ ಕಳುಹಿಸುವ ಕಂಪನಿ, ಕಚೇರಿ ಶಿವಮೊಗ್ಗದಲ್ಲಿದೆ, ಗೋದಾಮುಗಳು ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ಇದು ಶೇರುಪೇಟೆಯಲ್ಲಿ ನೋಂದಾಯಿತವಾದ ಒಂದು ಕಂಪನಿಯ ಅಂಗಸಂಸ್ಥೆ. ಈ ಕೊನೆಯ ಮಾತನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಇಂಡ್ ಎಎಸ್ ಅನ್ವಯಿಸುವುದು ನೋಂದಾಯಿತ ಕಂಪನಿಗಳಿಗೆ, 250 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯವುಳ್ಳ ಕಂಪನಿಗಳಿಗೆ, ಮತ್ತು ಅಂಥವುಗಳ ಮಾತೃ, ಅಂಗ, ಸಹ ಹಾಗೂ ಜಂಟಿ ಸಂಸ್ಥೆಗಳಿಗೆ. ಇವುಗಳ ಸಾಲಿಗೆ ಸೇರದ ಕಂಪನಿಗೆ ಹಳೆಯ ಲೆಕ್ಕ ಮಾನದಂಡ ಎಎಸ್ 19 ಸಾಕು. ಅಲ್ಲಿ ಗೋದಾಮಿನ ಸಾಮಾನ್ಯ ಬಾಡಿಗೆ ಖರ್ಚಾಗಿಯೇ ಉಳಿಯುತ್ತದೆ. ನಾವು ನೋಡುತ್ತಿರುವುದು 2026ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ.

ಮೊದಲ ಹಂತ: ಗುತ್ತಿಗೆ ಪಟ್ಟಿಯನ್ನು ಮುಚ್ಚಿಟ್ಟು ಸ್ಥಳಪಟ್ಟಿಯನ್ನು ತಯಾರಿಸುವುದು

ಕಂಪನಿಯ ಲೆಕ್ಕಾಧಿಕಾರಿಗಳು ಒಂದು ಗುತ್ತಿಗೆ ಪಟ್ಟಿಯನ್ನು ಕೊಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದರಲ್ಲಿ 9 ಕರಾರುಗಳಿವೆ. ಆ ಪಟ್ಟಿಯಿಂದ ಕೆಲವನ್ನು ಆರಿಸಿ ಕರಾರು ಪತ್ರದೊಂದಿಗೆ ತಾಳೆ ನೋಡಿದರೆ, ಪಟ್ಟಿಯಲ್ಲಿರುವವು ನಿಜ ಎಂದಷ್ಟೇ ಗೊತ್ತಾಗುತ್ತದೆ. ಪಟ್ಟಿಯಿಂದ ಬಿಟ್ಟುಹೋದದ್ದು ಎಷ್ಟು ಸಲ ಆರಿಸಿದರೂ ಕೈಗೆ ಸಿಗುವುದಿಲ್ಲ. ಸಂಪೂರ್ಣತೆಯ ಪರೀಕ್ಷೆ ಯಾವಾಗಲೂ ಹೊರಗಿನ ಪುರಾವೆಯಿಂದ ತೊಡಗಿ ಪಟ್ಟಿಯ ಕಡೆಗೆ ಬರಬೇಕು.

ಆದ್ದರಿಂದ ಕಂಪನಿಯ ಪಟ್ಟಿಯನ್ನು ಬದಿಗಿಟ್ಟು, ಆ ವರ್ಷದಲ್ಲಿ ಕಂಪನಿಯ ಸರಕು, ಸಿಬ್ಬಂದಿ, ಯಂತ್ರ ಎಲ್ಲೆಲ್ಲಿ ಇದ್ದವು ಎಂಬ ಸ್ಥಳಪಟ್ಟಿಯೊಂದನ್ನು ನಾವೇ ತಯಾರಿಸಬೇಕು. ಇದಕ್ಕೆ ಬೇಕಾದ ದಾಖಲೆಗಳು ಕಂಪನಿಯ ಬಳಿ ಬೇರೆ ಕಾರಣಗಳಿಗಾಗಿ ಇದ್ದೇ ಇರುತ್ತವೆ. ಜಿಎಸ್‌ಟಿ ನೋಂದಣಿ ಪತ್ರದಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳಗಳು ನಮೂದಾಗಿರುತ್ತವೆ. ಕ್ಯಾಶ್ ಕ್ರೆಡಿಟ್ ಸಾಲಕ್ಕಾಗಿ ಬ್ಯಾಂಕಿಗೆ ತಿಂಗಳು ತಿಂಗಳು ಸಲ್ಲಿಸುವ ದಾಸ್ತಾನು ವಿವರದಲ್ಲಿ ಯಾವ ಗೋದಾಮಿನಲ್ಲಿ ಎಷ್ಟು ಚೀಲ ಎಂದು ಬರೆದಿರುತ್ತದೆ. ದಾಸ್ತಾನಿನ ವಿಮಾ ಪಾಲಿಸಿಯ ಅನುಬಂಧ ಇನ್ನೂ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಪಾಲಿಸಿಯಲ್ಲಿಲ್ಲದ ಗೋದಾಮಿನಲ್ಲಿ ಬೆಂಕಿ ಬಿದ್ದರೆ ಪರಿಹಾರ ಸಿಗುವುದಿಲ್ಲ ಎಂಬ ಭಯದಿಂದ ಕಂಪನಿಯವರು ಅದನ್ನು ಬಹಳ ಜಾಗರೂಕತೆಯಿಂದ ತುಂಬಿಸಿರುತ್ತಾರೆ. ಇವುಗಳ ಜೊತೆಗೆ ಮೆಸ್ಕಾಂಗೆ ಕಟ್ಟಿದ ವಿದ್ಯುತ್ ಬಿಲ್ಲುಗಳನ್ನು ಆರ್‌ಆರ್ ಸಂಖ್ಯೆಯ ಪ್ರಕಾರ ಜೋಡಿಸಬೇಕು. ಕಂಪನಿ ಹಣ ಕಟ್ಟುತ್ತಿದ್ದು ಬಿಲ್ಲು ಮಾತ್ರ ಬೇರೆಯವರ ಹೆಸರಿನಲ್ಲಿದ್ದರೆ, ಆ ಕಟ್ಟಡ ಹೆಚ್ಚಾಗಿ ಬಾಡಿಗೆಯದ್ದು.

ಹಣದ ಕಡೆಯಿಂದ ನೋಡುವಾಗ ಬಾಡಿಗೆ ಖಾತೆಯೊಂದೇ ಸಾಲದು. ಸಂಗ್ರಹಣಾ ಖರ್ಚು, ಕಾವಲು ಖರ್ಚು, ಇತರೆ ಖರ್ಚು ಎಂಬ ಖಾತೆಗಳಲ್ಲಿ ಒಂದೇ ಮೊತ್ತ ತಿಂಗಳು ತಿಂಗಳು ಮರುಕಳಿಸುವುದನ್ನು ಹುಡುಕಬೇಕು. ತೆರಿಗೆ ದಾಖಲೆಗಳಲ್ಲಿ ಎರಡು ಉಪಯುಕ್ತವಾಗಿವೆ. ಒಂದು, ನಾವು ನೋಡುತ್ತಿರುವ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 194-ಐ ಪ್ರಕಾರ ಬಾಡಿಗೆಯ ಮೇಲೆ ಕಡಿತ ಮಾಡಿದ ತೆರಿಗೆಯ 26ಕ್ಯೂ ವಿವರ. ಆದರೆ 2025ರ ಏಪ್ರಿಲ್‌ನಿಂದ ತಿಂಗಳಿಗೆ 50,000 ರೂಪಾಯಿ ಮೀರಿದ ಬಾಡಿಗೆಗೆ ಮಾತ್ರ ಈ ಕಡಿತ ಅನ್ವಯಿಸುವುದರಿಂದ, ಮಲೆನಾಡಿನ ಸಣ್ಣ ಗೋದಾಮುಗಳು ಇದರ ಬಲೆಗೆ ಬೀಳುವುದಿಲ್ಲ. ಎರಡನೆಯದು ಆ ಕೊರತೆಯನ್ನು ತುಂಬುತ್ತದೆ: 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ಕಂಪನಿ ತಾನೇ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಬೇಕು. ಇದಕ್ಕೆ ಬಾಡಿಗೆಯ ಕನಿಷ್ಠ ಮಿತಿಯೇನೂ ಇಲ್ಲ. ತೋಟದ ಮನೆಯ ಪಕ್ಕದ ಗೋದಾಮನ್ನು ತಿಂಗಳಿಗೆ 15,000ಕ್ಕೆ ಕೊಟ್ಟ ಬೆಳೆಗಾರರೂ ಈ ಲೆಕ್ಕದ ಹಾಳೆಯಲ್ಲಿ ಸಿಗುತ್ತಾರೆ. ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ರಿವರ್ಸ್ ಚಾರ್ಜ್ ತೋರಿಸುವ 3.1(ಡಿ) ಮೊತ್ತದ ಹಿಂದಿರುವ ವಿವರಪಟ್ಟಿಯನ್ನು ಕೇಳಿ ಪಡೆಯಬೇಕು.

ಕೊನೆಯದಾಗಿ ಠೇವಣಿ ಖಾತೆ. ನಮ್ಮ ಕಡೆ ಆಡುಮಾತಿನಲ್ಲಿ ‘ಲೀಸ್‌ಗೆ ಹಾಕುವುದು’ ಅಥವಾ ಭೋಗ್ಯ ಎಂದರೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವ ಏರ್ಪಾಡು. ಇದರಲ್ಲಿ ಬಾಡಿಗೆ ಎಂಬ ಪಾವತಿಯೇ ಇಲ್ಲದ ಕಾರಣ ಮೇಲೆ ಹೇಳಿದ ಯಾವ ಖಾತೆಯಲ್ಲೂ, ಯಾವ ತೆರಿಗೆ ವಿವರದಲ್ಲೂ ಅದು ಕಾಣುವುದಿಲ್ಲ. ಠೇವಣಿ ಖಾತೆಯ ಪ್ರತಿಯೊಂದು ಬಾಕಿಯೂ ಯಾವುದಕ್ಕಾಗಿ ಎಂದು ಕೇಳುವುದೊಂದೇ ದಾರಿ.

ಇವೆಲ್ಲವನ್ನೂ ಜೋಡಿಸಿದಾಗ ನಮ್ಮ ಸ್ಥಳಪಟ್ಟಿಯಲ್ಲಿ 14 ಸ್ಥಳಗಳು ಬಂದವೆಂದುಕೊಳ್ಳೋಣ. ಕಂಪನಿಯ ಪಟ್ಟಿಗಿಂತ 5 ಹೆಚ್ಚು. ಒಂದು ಕಂಪನಿಯ ಸ್ವಂತ ಕಟ್ಟಡ. ಅದರ ಕ್ರಯಪತ್ರ ನೋಡಿ ಬಿಡಬಹುದು. ಉಳಿದ ನಾಲ್ಕನ್ನು ಒಂದೊಂದಾಗಿ ನೋಡಬೇಕು.

ಎರಡನೆಯ ಹಂತ: ಬಿಟ್ಟುಹೋದದ್ದು ನಿಜಕ್ಕೂ ಗುತ್ತಿಗೆಯೇ?

ಶಿವಮೊಗ್ಗದ ಹೊರವಲಯದ ದೊಡ್ಡ ಉಗ್ರಾಣವೊಂದರಲ್ಲಿ ಕಂಪನಿಯ 2,000 ಚೀಲಗಳಿವೆ; ಚೀಲಕ್ಕಿಷ್ಟು ಎಂದು ತಿಂಗಳ ಶುಲ್ಕ ಕೊಡುತ್ತಾರೆ. ಚೀಲಗಳನ್ನು ಯಾವ ಅಂಕಣದಲ್ಲಿಡಬೇಕೆಂಬುದು ಉಗ್ರಾಣದವರ ಇಷ್ಟ. ಬೇರೆ ವರ್ತಕರ ಸರಕು ಬಂದಾಗ ಅವರು ಸ್ಥಳಾಂತರಿಸುತ್ತಲೂ ಇರುತ್ತಾರೆ. ಇಲ್ಲಿ ಗುರುತಿಸಬಹುದಾದ ನಿರ್ದಿಷ್ಟ ಆಸ್ತಿಯೇ ಇಲ್ಲ. ಆದ್ದರಿಂದ ಇದು ಸೇವೆ, ಶುಲ್ಕ ಖರ್ಚಿಗೆ ಹೋಗುತ್ತದೆ. ಇದೇ ಉಗ್ರಾಣದಲ್ಲಿ ‘3ನೇ ಕೋಣೆ, ಬೀಗದ ಕೈ ಕಂಪನಿಯದು’ ಎಂದಿದ್ದಿದ್ದರೆ ಉತ್ತರ ಬದಲಾಗುತ್ತಿತ್ತು. ಕರಾರನ್ನು ಓದಿದರೆ ಸಾಲದು, ಹೋಗಿ ನೋಡಬೇಕು. ಕೋಣೆ ಬದಲಿಸುವ ಹಕ್ಕು ಕಾಗದದಲ್ಲಿದ್ದು, ವಾಸ್ತವದಲ್ಲಿ ಬದಲಿಸಲು ಉಗ್ರಾಣದವರಿಗೆ ಯಾವ ಲಾಭವೂ ಇಲ್ಲದಿದ್ದರೆ ಆ ಹಕ್ಕನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹೊಸನಗರದಲ್ಲಿ ವ್ಯವಸ್ಥಾಪಕರ ವಾಸಕ್ಕಾಗಿ 8,00,000 ರೂಪಾಯಿಗೆ ಮೂರು ವರ್ಷದ ಭೋಗ್ಯಕ್ಕೆ ಪಡೆದ ಮನೆ ಎರಡನೆಯದು. ಕಂಪನಿ ಇದನ್ನು ಬರಿಯ ಠೇವಣಿ ಎಂದು ಪೂರ್ತಿ ಮೊತ್ತದಲ್ಲಿ ತೋರಿಸಿತ್ತು. ಬಡ್ಡಿಯಿಲ್ಲದ ಠೇವಣಿಯನ್ನು ಇಂಡ್ ಎಎಸ್ 109ರ ಪ್ರಕಾರ ಮೊದಲು ದಾಖಲಿಸುವಾಗ ನ್ಯಾಯ ಮೌಲ್ಯದಲ್ಲಿ ತೋರಿಸಬೇಕು. ಅಂಥ ಠೇವಣಿಗೆ ಮಾರುಕಟ್ಟೆಯ ಬಡ್ಡಿ ಶೇ. 8 ಎಂದು ಇಟ್ಟುಕೊಂಡರೆ ಇಂದಿನ ಮೌಲ್ಯ 6,35,066 ರೂಪಾಯಿ. ಉಳಿದ 1,64,934 ರೂಪಾಯಿ ಮೂರು ವರ್ಷ ಆ ಮನೆಯಲ್ಲಿರುವ ಹಕ್ಕಿಗಾಗಿ ಮುಂಗಡವಾಗಿ ತೆತ್ತ ಬೆಲೆ. ಅದೇ ಬಳಕೆ ಹಕ್ಕಿನ ಆಸ್ತಿ. ಇಲ್ಲಿ ಗುತ್ತಿಗೆ ಹೊಣೆ ಸೊನ್ನೆ, ಆಸ್ತಿ ಮಾತ್ರ ಇದೆ. ಹೊಣೆಯಿದ್ದರೆ ಮಾತ್ರ ಗುತ್ತಿಗೆ ಎಂದು ತಿಳಿದವರು ಇದನ್ನು ತಪ್ಪಿಸಿಬಿಡುತ್ತಾರೆ. ಗೋದಾಮುಗಳಿಗೆ ಕೊಟ್ಟ ಅಡ್ವಾನ್ಸ್ ಹಣಕ್ಕೂ ಇದೇ ಲೆಕ್ಕ.

ಮೂರನೆಯ ಹಂತ: ಹನ್ನೊಂದು ತಿಂಗಳ ಕರಾರನ್ನು ಅದರ ಮಾತಿಗೇ ಬಿಡದಿರುವುದು

ಉಳಿದ ಎರಡೂ ಸ್ಥಳಗಳು 11 ತಿಂಗಳ ಕರಾರುಗಳ ಮೇಲೆ ಪಡೆದವು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಸ್ಥಿರಾಸ್ತಿ ಗುತ್ತಿಗೆಯನ್ನು ನೋಂದಾಯಿಸಬೇಕಾದ್ದರಿಂದ, ನಮ್ಮಲ್ಲಿ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಇಂಡ್ ಎಎಸ್ 116ರಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ, ಖರೀದಿಯ ಆಯ್ಕೆಯಿಲ್ಲದ ಗುತ್ತಿಗೆಗೆ ವಿನಾಯಿತಿ ಇದೆ. ನೋಂದಣಿಯ ಖರ್ಚು ತಪ್ಪಿಸಲು ಹುಟ್ಟಿದ ರೂಢಿಯೊಂದು ಹೀಗೆ ಲೆಕ್ಕದ ವಿನಾಯಿತಿಗೆ ನೆಪವಾಗುತ್ತದೆ. ಕರಾರಿನ ಮೇಲೆ 11 ತಿಂಗಳು ಎಂದಿದೆ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಕೊಡುವುದು ತಪ್ಪು. ವರ್ಷ ವರ್ಷ ನವೀಕರಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ನಿರಾಕರಿಸುವುದೂ ಅಷ್ಟೇ ತಪ್ಪು. ಕೇಳಬೇಕಾದ ಪ್ರಶ್ನೆ ಇದು: ಮುಂದುವರಿಯುವ ಹಕ್ಕು ಬಾಡಿಗೆದಾರನಿಗೆ ಇದೆಯೇ, ಮತ್ತು ಆ ಹಕ್ಕನ್ನು ಅವನು ಬಳಸುವುದು ಬಹುಮಟ್ಟಿಗೆ ಖಚಿತವೇ? ಇಬ್ಬರೂ ಪರಸ್ಪರ ಒಪ್ಪಿಗೆಯಿಲ್ಲದೆ, ಹೇಳಿಕೊಳ್ಳುವಂಥ ನಷ್ಟವಿಲ್ಲದೆ ಬಿಟ್ಟುಹೋಗಬಹುದಾದರೆ ಕರಾರು ಅಲ್ಲಿಗೆ ನಿಲ್ಲುತ್ತದೆ. ಈ ನಷ್ಟ ಎಂಬುದು ಕರಾರಿನಲ್ಲಿ ಬರೆದ ದಂಡ ಮಾತ್ರವಲ್ಲ, ಒಟ್ಟು ಆರ್ಥಿಕ ಪರಿಣಾಮವನ್ನೂ ನೋಡಬೇಕೆಂದು ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ವ್ಯಾಖ್ಯಾನ ಸಮಿತಿ 2019ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಸೊರಬದ ಗೋದಾಮನ್ನು ಕೊಯ್ಲಿನ ಕಾಲಕ್ಕೆಂದು ಪಡೆದು, ಚೀಲಗಳನ್ನು ಶಿವಮೊಗ್ಗಕ್ಕೆ ಸಾಗಿಸಿದ ಮೇಲೆ ಬಿಡುವುದು ರೂಢಿ. ಹಿಂದಿನ ಮೂರು ವರ್ಷಗಳ ಕರಾರುಗಳನ್ನು ನೋಡಿದರೆ ಕಟ್ಟಡವೂ ಬೇರೆ, ಮಾಲೀಕರೂ ಬೇರೆ. ಒಳಗೆ ಕಂಪನಿ ಯಾವ ಕಾಮಗಾರಿಯನ್ನೂ ಮಾಡಿಲ್ಲ. ವಿನಾಯಿತಿ ಸರಿ, ಆ ಬಾಡಿಗೆಯನ್ನು ಅಲ್ಪಾವಧಿ ಗುತ್ತಿಗೆಯ ಖರ್ಚೆಂದು ಟಿಪ್ಪಣಿಯಲ್ಲಿ ತೋರಿಸಿದರೆ ಸಾಕು.

ತೀರ್ಥಹಳ್ಳಿಯದು ಹಾಗಲ್ಲ. ಒಂದು ಗೋದಾಮು ಮೂವರು ಅಣ್ಣತಮ್ಮಂದಿರ ಪಾಲಿನಲ್ಲಿದೆ. ಪ್ರತಿಯೊಬ್ಬರ ಹೆಸರಿನಲ್ಲೂ ಮೂರನೇ ಒಂದು ಭಾಗಕ್ಕೆ 11 ತಿಂಗಳ ಬೇರೆ ಬೇರೆ ಕರಾರು, ತಿಂಗಳಿಗೆ ತಲಾ 18,000 ರೂಪಾಯಿ. ಒಬ್ಬರಿಗೂ 50,000 ಮೀರದ್ದರಿಂದ 26ಕ್ಯೂನಲ್ಲಿ ಇಲ್ಲ. ಕಂಪನಿ ಖರ್ಚನ್ನು ಸಂಗ್ರಹಣಾ ಖಾತೆಗೆ ಬರೆದಿದ್ದರಿಂದ ಬಾಡಿಗೆ ಖಾತೆಯಲ್ಲೂ ಇಲ್ಲ. ವಿಮಾ ಪಾಲಿಸಿ ಮತ್ತು ರಿವರ್ಸ್ ಚಾರ್ಜ್ ಪಟ್ಟಿಗಳಲ್ಲಿ ಮಾತ್ರ ಸಿಕ್ಕಿತು. ಒಂದೇ ಸಮಯದಲ್ಲಿ, ಒಂದೇ ಉದ್ದೇಶಕ್ಕೆ, ಪರಸ್ಪರ ಸಂಬಂಧಿಗಳೊಂದಿಗೆ ಮಾಡಿಕೊಂಡ ಈ ಮೂರು ಕರಾರುಗಳನ್ನು ಒಂದಾಗಿಯೇ ಓದಬೇಕು. ಇಂಥ ಸಂದರ್ಭದಲ್ಲಿ ಪರಿಶೋಧನಾ ಮಾನದಂಡವಾದ ಎಸ್‌ಎ 505ರ ಪ್ರಕಾರ ಮಾಲೀಕರಿಗೆ ನೇರವಾಗಿ ದೃಢೀಕರಣ ಪತ್ರ ಕಳುಹಿಸುವುದು ಒಳ್ಳೆಯದು. ಪತ್ರ ಕನ್ನಡದಲ್ಲಿರಲಿ, ಅದರಲ್ಲಿ ಬಾಡಿಗೆ, ಅಡ್ವಾನ್ಸ್ ಮೊತ್ತಗಳ ಜೊತೆಗೆ ‘ಈ ಕರಾರಿನ ಹೊರತಾಗಿ ಬೇರೆ ಯಾವುದೇ ಪತ್ರ ಅಥವಾ ಬಾಯಿಮಾತಿನ ಒಪ್ಪಂದ ಇದೆಯೇ’ ಎಂಬ ಪ್ರಶ್ನೆಯೂ ಇರಲಿ. ನಮ್ಮ ಉದಾಹರಣೆಯಲ್ಲಿ ಆ ಪ್ರಶ್ನೆಗೆ ಉತ್ತರವಾಗಿ ಮೂವರೂ ಸಹಿ ಮಾಡಿದ ಒಂದು ಪತ್ರದ ಪ್ರತಿ ಬಂತು: ಕಂಪನಿ ಬಯಸಿದಲ್ಲಿ ಒಟ್ಟು ಐದು ವರ್ಷದವರೆಗೆ, ವರ್ಷಕ್ಕೆ ಶೇ. 5ರ ಏರಿಕೆಯೊಂದಿಗೆ ಕೊಡಲು ಒಪ್ಪಿದ ಪತ್ರ. ನವೀಕರಿಸುವ ಹಕ್ಕು ಕಂಪನಿಯ ಕೈಯಲ್ಲಿದೆ ಎಂದಾಯಿತು. ಆ ಹಕ್ಕನ್ನು ಬಳಸುವುದು ಬಹುಮಟ್ಟಿಗೆ ಖಚಿತವೆಂದು ಕಂಡರೆ ಅಲ್ಪಾವಧಿಯ ವಿನಾಯಿತಿ ಉಳಿಯುವುದಿಲ್ಲ.

ಇಂಥ ಪತ್ರವನ್ನು ಕಂಪನಿಯವರು ಬಚ್ಚಿಟ್ಟಿರುತ್ತಾರೆಂದೇ ಭಾವಿಸಬೇಕಾಗಿಲ್ಲ. ಹೆಚ್ಚಿನ ಸಲ ಅದು ಖರೀದಿ ವಿಭಾಗದವರ ಕಡತದಲ್ಲಿದ್ದು, ಲೆಕ್ಕ ವಿಭಾಗಕ್ಕೆ ತಲುಪಿರುವುದೇ ಇಲ್ಲ. ಹಾಗಾಗಿ ಗುತ್ತಿಗೆಯ ಬಗ್ಗೆ ವಿಚಾರಿಸುವಾಗ ಲೆಕ್ಕಾಧಿಕಾರಿಯೊಬ್ಬರನ್ನೇ ಕೇಳದೆ, ಗೋದಾಮು ನೋಡಿಕೊಳ್ಳುವವರನ್ನೂ ಕೇಳಬೇಕು.

ನಾಲ್ಕನೆಯ ಹಂತ: ಪಟ್ಟಿಯಲ್ಲಿದ್ದ ಗುತ್ತಿಗೆಯ ಅವಧಿ

ಈಗ ಕಂಪನಿಯ ಪಟ್ಟಿಯಲ್ಲೇ ಇದ್ದ ಸಾಗರದ ಗೋದಾಮಿಗೆ ಬರೋಣ. ನೋಂದಾಯಿತ ಗುತ್ತಿಗೆ ಪತ್ರ. 2025ರ ಏಪ್ರಿಲ್ 1ರಂದು ಬೀಗದ ಕೈ ಕಂಪನಿಗೆ ಸಿಕ್ಕಿದೆ. ಕರಾರಿನ ದಿನಾಂಕ ಯಾವುದೇ ಇರಲಿ, ಲೆಕ್ಕ ತೊಡಗುವುದು ಆಸ್ತಿ ಬಳಕೆಗೆ ಸಿಕ್ಕ ದಿನದಿಂದ. ಮೊದಲ ಮೂರು ವರ್ಷ ಬಿಡುವಂತಿಲ್ಲ. ವರ್ಷದ ಬಾಡಿಗೆ 6,00,000 ರೂಪಾಯಿ, ಪ್ರತಿ ಏಪ್ರಿಲ್ 1ರಂದು ಮುಂಗಡವಾಗಿ. ಅನಂತರ ಕಂಪನಿ ಬಯಸಿದರೆ ಇನ್ನೂ ಮೂರು ವರ್ಷ, ವರ್ಷಕ್ಕೆ 6,90,000 ರೂಪಾಯಿಯಂತೆ. ಕಂಪನಿ ಅವಧಿಯನ್ನು ಮೂರು ವರ್ಷ ಎಂದು ಹಿಡಿದಿದೆ, ಏಕೆಂದರೆ ‘ಮುಂದಿನದು ಮುಂದೆ ನೋಡೋಣ’ ಎಂಬುದು ಅವರ ಉತ್ತರ.

ಆದರೆ ಸ್ಥಿರಾಸ್ತಿ ಪಟ್ಟಿ ಬೇರೆ ಮಾತು ಹೇಳುತ್ತದೆ. ಮಳೆಗಾಲದ ತೇವಕ್ಕೆ ಅಡಿಕೆಗೆ ಬೂಷ್ಟು ಹಿಡಿಯದಿರಲೆಂದು ಕಂಪನಿ ಅಲ್ಲಿ ನೆಲವನ್ನು ಎತ್ತರಿಸಿ ತೇವ ತಡೆಯುವ ಪದರ ಹಾಕಿಸಿದೆ, ಮರದ ಅಟ್ಟಣೆ ಕಟ್ಟಿಸಿದೆ, ಒಣಗಿಸುವ ಕೋಣೆ ನಿರ್ಮಿಸಿದೆ. ಒಟ್ಟು ಖರ್ಚು 14,40,000 ರೂಪಾಯಿ. ಅದನ್ನು 8 ವರ್ಷಗಳಲ್ಲಿ ಸವಕಳಿ ಮಾಡುತ್ತಿದ್ದಾರೆ. ಬಿಟ್ಟುಹೋಗುವಾಗ ಇವಾವುದನ್ನೂ ಕಿತ್ತು ಒಯ್ಯಲಾಗುವುದಿಲ್ಲ. ಮೂರು ವರ್ಷಕ್ಕೆ ಬಿಡುವ ಗೋದಾಮಿನಲ್ಲಿ ಎಂಟು ವರ್ಷ ಬಾಳುವ ಕಾಮಗಾರಿ ಎಂಬುದು ಒಂದೇ ಲೆಕ್ಕಪುಸ್ತಕದ ಒಳಗಿನ ವಿರೋಧ, ಮತ್ತು ಅವಧಿ ತಪ್ಪಿದೆ ಎಂಬುದನ್ನು ತಿಳಿಸುವ ಅತ್ಯಂತ ಸುಲಭದ ಸುಳಿವು. ಗುತ್ತಿಗೆ ಪಟ್ಟಿಯನ್ನೂ ಬಾಡಿಗೆ ಕಟ್ಟಡಗಳ ಮೇಲಿನ ಕಾಮಗಾರಿಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಅರ್ಧ ಗಂಟೆ ಸಾಕು. ಅದನ್ನು ಎಂದೂ ಬಿಡಬಾರದು. ಇದರ ಜೊತೆಗೆ ವಿಸ್ತರಣೆಯ ಬಾಡಿಗೆ ಸುತ್ತಲಿನ ಬಾಡಿಗೆಗಿಂತ ಕಡಿಮೆಯೇ ಎಂದು ವಿಚಾರಿಸಬೇಕು, ಮುಂದಿನ ವರ್ಷಗಳ ಖರೀದಿ ಯೋಜನೆಯಲ್ಲಿ ಸಾಗರದ ಕೇಂದ್ರ ಇದೆಯೇ ಎಂದು ನೋಡಬೇಕು. ಇವೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸಿದರೆ ಅವಧಿ ಆರು ವರ್ಷ. ಆಗ ಕಾಮಗಾರಿಯ ಸವಕಳಿಯೂ 8ರ ಬದಲು 6 ವರ್ಷಕ್ಕೆ ಬರುತ್ತದೆ.

ಐದನೆಯ ಹಂತ: ದರ

ಗುತ್ತಿಗೆಯಲ್ಲೇ ಅಡಗಿದ ಬಡ್ಡಿ ದರ ಗೊತ್ತಾಗುವಂತಿದ್ದರೆ ಅದನ್ನೇ ಬಳಸಬೇಕು. ಆದರೆ ಗೋದಾಮಿನ ಮಾಲೀಕರ ಕಟ್ಟಡ ವೆಚ್ಚವಾಗಲಿ ಕೊನೆಯ ಮೌಲ್ಯವಾಗಲಿ ಬಾಡಿಗೆದಾರನಿಗೆ ತಿಳಿದಿರುವುದಿಲ್ಲ. ಆಗ ಬಳಸಬೇಕಾದದ್ದು ಹೆಚ್ಚುವರಿ ಸಾಲದ ದರ: ಅಷ್ಟೇ ಮೌಲ್ಯದ ಬಳಕೆ ಹಕ್ಕನ್ನು ಪಡೆಯಲು, ಅದೇ ಅವಧಿಗೆ, ಅದೇ ಬಗೆಯ ಭದ್ರತೆಯ ಮೇಲೆ, ಅದೇ ಸಮಯದಲ್ಲಿ ಈ ಕಂಪನಿ ಸಾಲ ಪಡೆದಿದ್ದರೆ ತೆರಬೇಕಾಗಿದ್ದ ಬಡ್ಡಿ.

ನಮ್ಮ ಕಂಪನಿ ಎಲ್ಲ ಗುತ್ತಿಗೆಗಳಿಗೂ ಶೇ. 12 ಬಳಸಿದೆ. ವಿಚಾರಿಸಿದಾಗ ಅದು ಮಾತೃಸಂಸ್ಥೆ ಹೊಸ ಯೋಜನೆಗಳನ್ನು ಅಳೆಯಲು ಬಳಸುವ ಬಂಡವಾಳದ ಸರಾಸರಿ ವೆಚ್ಚ ಎಂದು ತಿಳಿಯಿತು. ಅದರಲ್ಲಿ ಶೇರುದಾರರು ನಿರೀಕ್ಷಿಸುವ ಲಾಭವೂ ಸೇರಿದೆ. ಅದು ಸಾಲದ ದರವಲ್ಲ. ಕ್ಯಾಶ್ ಕ್ರೆಡಿಟ್ ದರವೂ ಹೊಂದುವುದಿಲ್ಲ, ಏಕೆಂದರೆ ಅದು ದಾಸ್ತಾನಿನ ಭದ್ರತೆಯ ಮೇಲೆ ವರ್ಷ ವರ್ಷ ನವೀಕರಣಗೊಳ್ಳುವ ಸಾಲ. ಹತ್ತಿರದ ಪುರಾವೆ ಎಂದರೆ ಅವಧಿ ಸಾಲದ ಮಂಜೂರಾತಿ ಪತ್ರ. ಈ ಕಂಪನಿಗೆ 2025ರ ಮಾರ್ಚ್‌ನಲ್ಲಿ ಕಟ್ಟಡದ ಅಡಮಾನದ ಮೇಲೆ ಆರು ವರ್ಷದ ಸಾಲವನ್ನು ಶೇ. 9.10ಕ್ಕೆ ಬ್ಯಾಂಕು ಮಂಜೂರು ಮಾಡಿತ್ತು ಎಂದುಕೊಳ್ಳೋಣ. ಅವಧಿ, ಭದ್ರತೆ, ದಿನಾಂಕ ಮೂರೂ ಹೊಂದುತ್ತವೆ. ಒಂದು ಸೂಕ್ಷ್ಮ ಉಳಿಯುತ್ತದೆ: ಬ್ಯಾಂಕು ಬಡ್ಡಿಯನ್ನು ತಿಂಗಳು ತಿಂಗಳು ಹಾಕುತ್ತದೆ, ನಮ್ಮ ಬಾಡಿಗೆ ವರ್ಷಕ್ಕೊಮ್ಮೆ. ತಿಂಗಳ ಚಕ್ರಬಡ್ಡಿಯನ್ನು ವರ್ಷದ ದರಕ್ಕೆ ಪರಿವರ್ತಿಸಿದರೆ 9.10 ಎಂಬುದು 9.49 ಆಗುತ್ತದೆ; ಶೇ. 9.5 ಎಂದು ಹಿಡಿಯಬಹುದು. ವರ್ಷಾಂತ್ಯದ ದರವನ್ನಲ್ಲ, ಗುತ್ತಿಗೆ ತೊಡಗಿದ ದಿನದ ದರವನ್ನೇ ಬಳಸಬೇಕು; ಅವಧಿ ಬದಲಾದಂಥ ಸಂದರ್ಭ ಬಂದು ಮರುಅಳತೆ ಮಾಡಬೇಕಾಗುವವರೆಗೆ ಅದು ಬದಲಾಗುವುದಿಲ್ಲ. ಒಂದೇ ಬಗೆಯ, ಒಂದೇ ಅವಧಿಯ ಗೋದಾಮುಗಳಿಗೆ ಒಂದೇ ದರ ಬಳಸಿದರೆ ತಪ್ಪಿಲ್ಲ. ಮೂರು ವರ್ಷದ ಗೋದಾಮಿಗೂ ಹದಿನೈದು ವರ್ಷದ ಕಾರ್ಖಾನೆ ಜಾಗಕ್ಕೂ ಒಂದೇ ದರವಿದ್ದರೆ ಕಾರಣ ಕೇಳಬೇಕು.

ಆರನೆಯ ಹಂತ: ನಾವೇ ಲೆಕ್ಕ ಹಾಕುವುದು

ಕಂಪನಿಯ ಎಕ್ಸೆಲ್ ಹಾಳೆಯನ್ನು ತಿದ್ದುವ ಬದಲು ಖಾಲಿ ಹಾಳೆಯಲ್ಲಿ ಹೊಸದಾಗಿ ಹಾಕಬೇಕು. ಮೊದಲ ದಿನವೇ ಕೊಟ್ಟ 6,00,000 ರೂಪಾಯಿ ಹೊಣೆಯಲ್ಲಿ ಸೇರುವುದಿಲ್ಲ, ಏಕೆಂದರೆ ಅದು ಆಗಲೇ ಪಾವತಿಯಾಗಿದೆ. ಅದು ನೇರವಾಗಿ ಬಳಕೆ ಹಕ್ಕಿನ ಆಸ್ತಿಗೆ ಸೇರುತ್ತದೆ. ಉಳಿದ ಐದು ಪಾವತಿಗಳ ಇಂದಿನ ಮೌಲ್ಯವೇ ಹೊಣೆ:

```
=NPV(9.5%, 600000, 600000, 690000, 690000, 690000)
```

ಉತ್ತರ 24,92,146 ರೂಪಾಯಿ. ಈ ಸೂತ್ರ ಮೊದಲ ಮೊತ್ತವನ್ನು ಒಂದು ವರ್ಷದ ಅನಂತರದ್ದೆಂದು ಭಾವಿಸುತ್ತದೆ. ಆದ್ದರಿಂದ ಆರಂಭದ ಪಾವತಿಯನ್ನೂ ಇದರೊಳಗೆ ತುಂಬಿದರೆ ಎಲ್ಲ ಪಾವತಿಗಳೂ ಒಂದು ವರ್ಷ ತಡವಾಗಿ ಲೆಕ್ಕಕ್ಕೆ ಬರುತ್ತವೆ. ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಬಳಕೆ ಹಕ್ಕಿನ ಆಸ್ತಿ 30,92,146 ರೂಪಾಯಿ. ದಲ್ಲಾಳಿ ಶುಲ್ಕದಂಥ, ಗುತ್ತಿಗೆ ಪಡೆಯಲೆಂದೇ ಮಾಡಿದ ಹೆಚ್ಚುವರಿ ಖರ್ಚಿದ್ದರೆ ಅದನ್ನೂ ಕೂಡಿಸಬೇಕು. ಸರಳತೆಗಾಗಿ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಕಂಪನಿಯ ಲೆಕ್ಕದಲ್ಲಿ, ಮೂರು ವರ್ಷಕ್ಕೆ ಶೇ. 12ರಂತೆ, ಹೊಣೆ 10,14,031 ರೂಪಾಯಿ. ಎರಡರ ನಡುವಿನ 14,78,115 ರೂಪಾಯಿ ವ್ಯತ್ಯಾಸವನ್ನು ಎರಡಾಗಿ ಒಡೆದು ನೋಡುವುದು ಅಗತ್ಯ. ದರವನ್ನು ಶೇ. 12ರಲ್ಲೇ ಇಟ್ಟು ಅವಧಿಯನ್ನು ಮಾತ್ರ ಆರು ವರ್ಷಕ್ಕೆ ತಿದ್ದಿದರೆ ಹೊಣೆ 23,35,191 ಆಗುತ್ತದೆ. ಅಂದರೆ 13,21,160 ರೂಪಾಯಿ ಅವಧಿಯ ತಪ್ಪಿನಿಂದ ಬಂದದ್ದು, 1,56,955 ರೂಪಾಯಿ ಮಾತ್ರ ದರದ ತಪ್ಪಿನಿಂದ. ದರ 9.5ರಿಂದ 10.5ಕ್ಕೆ ಹೋಗಿದ್ದರೂ ಹೊಣೆ ಸುಮಾರು 65,000 ರೂಪಾಯಿಯಷ್ಟೇ ಇಳಿಯುತ್ತಿತ್ತು. ಇಂಥ ಚಿಕ್ಕ ಅವಧಿಯ ಗುತ್ತಿಗೆಗಳಲ್ಲಿ ದರದ ಅರ್ಧ ಶೇಕಡಕ್ಕಾಗಿ ವಾರಗಟ್ಟಲೆ ಚರ್ಚಿಸಿ ಅವಧಿಯ ಬಗ್ಗೆ ಒಂದು ಸಾಲಿನ ವಿವರಣೆಗೆ ತೃಪ್ತರಾಗುವುದು ಏಕೆ ಸಲ್ಲದು ಎಂಬುದಕ್ಕೆ ಈ ಅಂಕಿಗಳು ಸಾಕು. ಅವಧಿ ದೀರ್ಘವಾದಷ್ಟೂ ದರದ ತೂಕ ಹೆಚ್ಚುತ್ತದೆ ಎಂಬುದನ್ನೂ ಮರೆಯಬಾರದು.

ವರ್ಷದ ಕೊನೆಗೆ ಬಡ್ಡಿ 2,36,754 ರೂಪಾಯಿ, ಸವಕಳಿ 5,15,358 ರೂಪಾಯಿ, ಒಟ್ಟು 7,52,112. ಹೊಣೆ 27,28,900ಕ್ಕೆ ಏರಿರುತ್ತದೆ. ಹೊಣೆ ಕಡಿಮೆಯಾಗದೆ ಹೆಚ್ಚಿದೆಯಲ್ಲ ಎಂದು ಗಾಬರಿಯಾಗಬೇಕಿಲ್ಲ: ಮುಂದಿನ ಕಂತು ಮರುದಿನ, ಏಪ್ರಿಲ್ 1ರಂದು ಹೋಗುತ್ತದೆ, ವರ್ಷದ ಬಡ್ಡಿ ಅಷ್ಟರೊಳಗೆ ಸೇರಿಕೊಂಡಿದೆ. ಹೀಗೆ ಏಪ್ರಿಲ್ 1ರಂದು ವರ್ಷಕ್ಕೊಮ್ಮೆ ಮುಂಗಡ ಬಾಡಿಗೆ ಕೊಡುವ ಕರಾರಿನಲ್ಲಿ ಮೊದಲ ವರ್ಷವೇ ಹೊಣೆ ಇಳಿದಿದ್ದರೆ ಅದೇ ತಪ್ಪಿನ ಸೂಚನೆ.

ಕಂಪನಿಯ ಲೆಕ್ಕದಲ್ಲಿ ವರ್ಷದ ಖರ್ಚು 6,59,694, ವರ್ಷಾಂತ್ಯದ ಹೊಣೆ 11,35,715 ರೂಪಾಯಿ. ಹಾಗಾಗಿ ಲಾಭದ ಮೇಲಿನ ಪರಿಣಾಮ 92,418 ರೂಪಾಯಿ, ಕಾಮಗಾರಿಯ ಸವಕಳಿ 1,80,000ದಿಂದ 2,40,000ಕ್ಕೆ ಏರುವುದರಿಂದ ಇನ್ನೂ 60,000. ಹೊಣೆಯ ಮೇಲಿನ ಪರಿಣಾಮವಾದರೋ 15,93,185 ರೂಪಾಯಿ. ತಪ್ಪು ಲಾಭದಲ್ಲಿ ಚಿಕ್ಕದಾಗಿ, ಬ್ಯಾಲೆನ್ಸ್ ಶೀಟಿನಲ್ಲಿ ದೊಡ್ಡದಾಗಿ ಕಾಣುವುದು ಗುತ್ತಿಗೆ ಲೆಕ್ಕದ ಸ್ವಭಾವ. ಎಸ್‌ಎ 450ರ ಪ್ರಕಾರ ತಪ್ಪುಗಳನ್ನು ಒಟ್ಟುಗೂಡಿಸುವಾಗ ಲಾಭದ ಅಂಕಿಯೊಂದನ್ನೇ ಬರೆದರೆ ಇದು ಮುಚ್ಚಿಹೋಗುತ್ತದೆ. ಬ್ಯಾಂಕಿನ ಸಾಲದ ಷರತ್ತಿನಲ್ಲಿ ಒಟ್ಟು ಹೊಣೆ ಮತ್ತು ನಿವ್ವಳ ಮೌಲ್ಯದ ಅನುಪಾತಕ್ಕೆ ಮಿತಿಯಿದ್ದರೆ, ಗುತ್ತಿಗೆ ಹೊಣೆಯನ್ನೂ ಅದರಲ್ಲಿ ಎಣಿಸುತ್ತಾರೆಯೇ ಎಂದು ಮಂಜೂರಾತಿ ಪತ್ರದಲ್ಲೇ ಓದಿ ತಿಳಿಯಬೇಕು.

ಕಡತದಲ್ಲಿ ಉಳಿಯಬೇಕಾದದ್ದು

ಅವಧಿ ಮತ್ತು ದರ ಎರಡೂ ಆಡಳಿತ ಮಂಡಳಿಯ ಅಂದಾಜುಗಳಾದ್ದರಿಂದ ಎಸ್‌ಎ 540 ಇಲ್ಲಿ ಅನ್ವಯಿಸುತ್ತದೆ: ಯಾವ ವಿಧಾನ, ಯಾವ ಮಾಹಿತಿ, ಯಾವ ಊಹೆ ಎಂಬುದನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದ ದಾಖಲೆ ಇರಬೇಕು. 14 ಸ್ಥಳಗಳ ಪಟ್ಟಿಯಲ್ಲಿ ಪ್ರತಿಯೊಂದರ ಎದುರೂ ಅದು ಯಾವ ದಾಖಲೆಯಿಂದ ಸಿಕ್ಕಿತು, ಗುತ್ತಿಗೆ ಹೌದೋ ಅಲ್ಲವೋ, ಏಕೆ ಎಂದು ಬರೆದಿಡಬೇಕು. ಅಲ್ಲ ಎಂದು ಬಿಟ್ಟವುಗಳ ಕಾರಣವನ್ನು ಹೌದು ಎಂದವುಗಳಿಗಿಂತ ಹೆಚ್ಚು ವಿವರವಾಗಿ ಬರೆಯಬೇಕು, ಏಕೆಂದರೆ ಮುಂದಿನ ವರ್ಷ ಬರುವವರು ಮೊದಲು ಪ್ರಶ್ನಿಸುವುದು ಅವುಗಳನ್ನೇ. ಎಲ್ಲ ಗುತ್ತಿಗೆಗಳನ್ನೂ ತಿಳಿಸಿದ್ದೇವೆ ಎಂಬ ಲಿಖಿತ ಹೇಳಿಕೆಯನ್ನು ಎಸ್‌ಎ 580ರ ಪ್ರಕಾರ ಪಡೆಯಬಹುದು, ಆದರೆ ಅದು ಸ್ಥಳಪಟ್ಟಿಗೆ ಬದಲಿಯಾಗುವುದಿಲ್ಲ.

ವರ್ಷಾಂತ್ಯದ ಅನಂತರ, ವರದಿಗೆ ಸಹಿ ಹಾಕುವ ಮೊದಲು, ಸ್ಥಳಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಏಪ್ರಿಲ್, ಮೇ ತಿಂಗಳ ಬಾಡಿಗೆ ಪಾವತಿಗಳಲ್ಲಿ ಮಾರ್ಚ್‌ಗೆ ಮೊದಲೇ ಬೀಗದ ಕೈ ಸಿಕ್ಕಿದ್ದ ಹೊಸ ಗೋದಾಮು ಇರಬಹುದು. ಮುಂಗಾರು ಹಿಡಿಯುವ ಮುನ್ನ ಸರಕನ್ನು ಒಣ ಜಾಗಕ್ಕೆ ಸೇರಿಸುವ ಆತುರದಲ್ಲಿ ಕೀಲಿ ಮೊದಲು ಬಂದು ಕರಾರು ಆಮೇಲೆ ಬರೆಯಲ್ಪಡುವುದು ನಮ್ಮ ಕಡೆ ಅಪರೂಪವಲ್ಲ; ಅಂಥದ್ದಕ್ಕೆ ಬ್ಯಾಂಕಿಗೆ ಸಲ್ಲಿಸಿದ ಮಾರ್ಚ್ ತಿಂಗಳ ದಾಸ್ತಾನು ವಿವರದಲ್ಲಿ ಆ ಗೋದಾಮಿನ ಹೆಸರು ಇದೆಯೇ ಎಂದು ನೋಡಿದರೆ ಆರಂಭದ ದಿನಾಂಕ ಸಿಗುತ್ತದೆ.